ಒಂದು ಮಿಲಿಮೀಟರ್ ಕೊಳವೆಯೊಳಗಿನ ನೀರು

ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದವರಿಗೆ ಈ ಪ್ರಯೋಗದ ನೆನಪು ಇದ್ದೇ ಇರುತ್ತದೆ. ಎತ್ತರದಲ್ಲಿ ನೀರಿನ ಪಾತ್ರೆ, ಅದರಿಂದ ಇಳಿದುಬಂದ ರಬ್ಬರ್ ಟ್ಯೂಬ್, ಅದರ ತುದಿಗೆ ಮೇಜಿನ ಮೇಲೆ ಮಟ್ಟಸವಾಗಿ ಮಲಗಿಸಿದ ಗಾಜಿನ ಕ್ಯಾಪಿಲರಿ. ತೊಟ್ಟಿಕ್ಕುವ ನೀರನ್ನು ಐದು ನಿಮಿಷ ಹಿಡಿದು ಅಳೆದು, ಸೂತ್ರಕ್ಕೆ ಹಾಕಿ, ನೀರಿನ ಸ್ನಿಗ್ಧತೆ ಎಷ್ಟೆಂದು ಬರೆಯಬೇಕು. ಸ್ನಿಗ್ಧತೆ ಅಂದರೆ ದ್ರವದ ಒಂದು ಪದರ ಪಕ್ಕದ ಪದರವನ್ನು ಎಷ್ಟು ಹಿಡಿದೆಳೆಯುತ್ತದೆ ಎಂಬುದರ ಅಳತೆ. ಜೇನುತುಪ್ಪಕ್ಕೆ ಅದು ಹೆಚ್ಚು, ನೀರಿಗೆ ಕಡಿಮೆ.

ಪ್ರಯೋಗಾಲಯದಲ್ಲಿ ಬಹಳ ವರ್ಷ ಈ ಪ್ರಯೋಗ ಮಾಡಿಸಿದ್ದೇನೆ. ಒಮ್ಮೆ ಒಬ್ಬ ವಿದ್ಯಾರ್ಥಿನಿ ರೆಕಾರ್ಡ್ ಪುಸ್ತಕ ಹಿಡಿದುಕೊಂಡು ಬಂದಳು. "ಸರ್, 0.89 ಬರಬೇಕಿತ್ತು, ನನಗೆ 1.08 ಬರ್ತಿದೆ. ಮೂರು ಸಲ ಮಾಡಿದೆ, ಮೂರು ಸಲವೂ ಹಾಗೇ" ಅಂದಳು. 25 ಡಿಗ್ರಿಯಲ್ಲಿ ನೀರಿನ ಸ್ನಿಗ್ಧತೆ 0.89 ಮಿಲಿಪಾಸ್ಕಲ್-ಸೆಕೆಂಡ್. ಅವಳ ಲೆಕ್ಕದಲ್ಲಿ ನೀರು ಐದನೇ ಒಂದು ಪಾಲಿಗಿಂತಲೂ ಹೆಚ್ಚು ಮಂದವಾಗಿತ್ತು. ಸ್ಟಾಪ್ ಕ್ಲಾಕ್ ಸರಿಯಿಲ್ಲವೇನೋ ಎಂಬುದು ಅವಳ ಅನುಮಾನ. ಆದರೆ 300 ಸೆಕೆಂಡಿನಲ್ಲಿ ಒಂದು ಸೆಕೆಂಡ್ ಆಚೀಚೆ ಆದರೂ ತಪ್ಪು ಶೇಕಡಾ 0.3ರಷ್ಟೇ. "ಕೊಳವೆಯ ರಂಧ್ರ ಹೇಗೆ ಅಳೆದೆಯಮ್ಮಾ?" ಅಂತ ಕೇಳಿದೆ. "ಟ್ರಾವೆಲಿಂಗ್ ಮೈಕ್ರೋಸ್ಕೋಪಿನಲ್ಲಿ, ಒಂದು ತುದಿಯಲ್ಲಿ. 1.05 ಮಿಲಿಮೀಟರ್" ಅಂದಳು. ಉತ್ತರ ಅಲ್ಲೇ ಇತ್ತು. ಆದರೆ ಅದು ಅವಳಿಗೆ ಕಾಣಬೇಕಾದರೆ ಕೊಳವೆಯೊಳಗೆ ನೀರು ಹೇಗೆ ಸಾಗುತ್ತದೆ ಎಂಬುದು ಮೊದಲು ಕಣ್ಣಿಗೆ ಕಟ್ಟಬೇಕಿತ್ತು.

ಕೊಳವೆಯೊಳಗಿನ ನೀರೆಲ್ಲ ಒಂದೇ ವೇಗದಲ್ಲಿ, ಉದ್ದನೆಯ ಕಡ್ಡಿಯಂತೆ ಜಾರಿಕೊಂಡು ಹೋಗುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಹಾಗಿಲ್ಲ. ಗಾಜಿಗೆ ಅಂಟಿಕೊಂಡ ನೀರು ಕದಲುವುದೇ ಇಲ್ಲ. ಅದರ ಒಳಗಿನ ಪದರ ತುಸು ಜರುಗುತ್ತದೆ, ಅದಕ್ಕೂ ಒಳಗಿನದು ಇನ್ನಷ್ಟು. ನಟ್ಟನಡುವಿನ ನೀರು ಎಲ್ಲಕ್ಕಿಂತ ಮುಂದೆ. ಒಂದರೊಳಗೊಂದು ಸೇರಿಸಿಟ್ಟ ಬಳೆಗಳ ಹಾಗೆ ಪದರಗಳು ಬೆರೆಯದೆ, ತಮ್ಮ ತಮ್ಮ ವೇಗದಲ್ಲಿ ಸಾಗುತ್ತವೆ. ಇದೇ ಪದರ ಹರಿವು.

ಎಷ್ಟೆಷ್ಟು ವೇಗ ಎಂಬುದನ್ನು ತಿಳಿಯಲು ನೀರಿನ ನಡುವೆ ಪೆನ್ಸಿಲಿನಂಥ ಒಂದು ದುಂಡನೆಯ ಭಾಗವನ್ನು ಮನಸ್ಸಿನಲ್ಲೇ ಗೆರೆ ಎಳೆದು ಗುರುತಿಸಿಕೊಳ್ಳಿ. ಅದನ್ನು ಮುಂದಕ್ಕೆ ನೂಕುವುದು ಎರಡು ತುದಿಗಳ ನಡುವಿನ ಒತ್ತಡದ ವ್ಯತ್ಯಾಸ. ಈ ನೂಕು ಬೀಳುವುದು ಪೆನ್ಸಿಲಿನ ತುದಿಯ ಮೇಲೆ. ಅದನ್ನು ಹಿಂದಕ್ಕೆ ಹಿಡಿಯುವುದು ಸುತ್ತಲಿನ ನೀರಿನ ಎಳೆತ, ಅದು ಪೆನ್ಸಿಲಿನ ಮೈಮೇಲೆ. ವೇಗ ಹೆಚ್ಚೂ ಆಗದೆ ಕಡಿಮೆಯೂ ಆಗದೆ ಹರಿಯುತ್ತಿದೆಯೆಂದರೆ ಎರಡೂ ಸರಿಸಮ ಇರಲೇಬೇಕು. ಈಗ ಪೆನ್ಸಿಲನ್ನು ಎರಡು ಪಟ್ಟು ದಪ್ಪ ಮಾಡಿ. ತುದಿಯ ವಿಸ್ತೀರ್ಣ ನಾಲ್ಕು ಪಟ್ಟಾಯಿತು, ಮೈಯ ವಿಸ್ತೀರ್ಣ ಎರಡೇ ಪಟ್ಟು. ಹಾಗಾಗಿ ಮೈಯ ಪ್ರತಿ ಚದರ ಮಿಲಿಮೀಟರಿನ ಮೇಲಿನ ಎಳೆತ ಎರಡು ಪಟ್ಟಾಗದೆ ಲೆಕ್ಕ ಸರಿಹೊಂದದು. ಅಂದರೆ ನಡುವಿನಿಂದ ದೂರ ಹೋದಷ್ಟೂ ಎಳೆತ ಅದೇ ಪ್ರಮಾಣದಲ್ಲಿ ಏರುತ್ತದೆ. ನಡುವಿನಲ್ಲಿ ಸೊನ್ನೆ, ಗಾಜಿನ ಬಳಿ ಅತಿ ಹೆಚ್ಚು.

ಎಳೆತ ಹುಟ್ಟುವುದು ಅಕ್ಕಪಕ್ಕದ ಪದರಗಳ ವೇಗದ ಅಂತರದಿಂದ. ನಡುವಿನಲ್ಲಿ ಎಳೆತವಿಲ್ಲ, ಹಾಗಾಗಿ ಅಲ್ಲಿ ಪದರದಿಂದ ಪದರಕ್ಕೆ ವೇಗ ಹೆಚ್ಚುಕಡಿಮೆ ಒಂದೇ. ಗಾಜಿನತ್ತ ಹೋದಂತೆ ಅದು ಕಡಿದಾಗಿ ಇಳಿಯುತ್ತದೆ. ಪ್ರತಿ ಪದರದ ವೇಗವನ್ನು ಅಷ್ಟುದ್ದದ ಬಾಣವಾಗಿ ಬರೆದು ತುದಿಗಳನ್ನು ಕೂಡಿಸಿದರೆ ಮೂಡುವ ಗೆರೆ ಪರವಲಯ, ನಾವು ಎಸೆದ ಕಲ್ಲು ಗಾಳಿಯಲ್ಲಿ ಹಿಡಿಯುವ ಅದೇ ದಾರಿ. ಬರವಣಿಗೆಯಲ್ಲಿ ಹೀಗೆ:

u = ΔP (R² − r²) / (4ηL)

R ಕೊಳವೆಯ ತ್ರಿಜ್ಯ, r ನಡುವಿನಿಂದ ಇರುವ ದೂರ, L ಉದ್ದ, ΔP ಒತ್ತಡದ ವ್ಯತ್ಯಾಸ, η ಸ್ನಿಗ್ಧತೆ. ನಡುವಿಗೂ ಗಾಜಿಗೂ ಅರ್ಧ ದಾರಿಯಲ್ಲಿ ನೀರಿನ ವೇಗ ನಡುವಿನ ವೇಗದ ಮುಕ್ಕಾಲು ಪಾಲು. ಅಂಚಿನಲ್ಲಿ, ತ್ರಿಜ್ಯದ ಹತ್ತನೇ ಒಂದರಷ್ಟು ಅಗಲದ ಪಟ್ಟಿಯನ್ನು ನೋಡಿ. ಕೊಳವೆಯ ಬಾಯಿಯಲ್ಲಿ ಅದರ ಪಾಲು ಶೇಕಡಾ 19, ಆದರೆ ಅದರ ಮೂಲಕ ಸಾಗುವ ನೀರು ಶೇಕಡಾ ನಾಲ್ಕೂ ಇಲ್ಲ.

ಇದನ್ನು ಕಣ್ಣಾರೆ ನೋಡಬಹುದು. ಗಾಜಿನ ಕೊಳವೆಯಲ್ಲಿ ಗ್ಲಿಸರಿನ್ ತುಂಬಿ, ಹಿಂದಿನಿಂದ ಶಾಯಿ ಬೆರೆಸಿದ ಗ್ಲಿಸರಿನ್ ಅನ್ನು ನಿಧಾನವಾಗಿ ನೂಕಿ. ಶಾಯಿಯ ಮುಖ ಮೊದಲು ಚಪ್ಪಟೆ. ಕ್ಷಣದಲ್ಲೇ ನಡು ಉಬ್ಬಿ ನಾಲಿಗೆಯಂತೆ ಚಾಚಿಕೊಳ್ಳುತ್ತದೆ, ಅಂಚಿನ ಶಾಯಿ ಹೊರಟಲ್ಲೇ ಗಾಜಿಗೆ ಕಚ್ಚಿಕೊಂಡಿರುತ್ತದೆ. ನಾಲಿಗೆಯ ತುದಿ ಆಚೆ ಬಾಯಿಗೆ ತಲುಪುವ ಹೊತ್ತಿಗೆ ನೀವು ನೂಕಿದ್ದು ಕೊಳವೆ ಹಿಡಿಸುವುದರ ಅರ್ಧದಷ್ಟು ಮಾತ್ರ. ಏಕೆಂದರೆ ಪರವಲಯದ ದಿಬ್ಬದ ಗಾತ್ರ ಅದನ್ನು ಸುತ್ತುವರಿದ ಉರುಳೆಯ ಸರಿಯಾಗಿ ಅರ್ಧ. ಹಾಗಾಗಿ ಸರಾಸರಿ ವೇಗವೂ ನಡುವಿನ ವೇಗದ ಅರ್ಧ.

ಒಟ್ಟು ಹರಿವು ಬೇಕೆಂದರೆ ಸರಾಸರಿ ವೇಗವನ್ನು ಬಾಯಿಯ ವಿಸ್ತೀರ್ಣದಿಂದ ಗುಣಿಸಿದರಾಯಿತು:

Q = π ΔP R⁴ / (8ηL)

ತ್ರಿಜ್ಯದ ನಾಲ್ಕನೇ ಘಾತ ಬಂದದ್ದು ಎರಡು ಕಡೆಯಿಂದ. ಕೊಳವೆ ಅಗಲವಾದರೆ ಬಾಯಿ ದೊಡ್ಡದಾಗುತ್ತದೆ, ಅದು R². ಜೊತೆಗೆ, ಹಿಡಿದು ನಿಲ್ಲಿಸುವ ಗಾಜು ನಡುವಿನ ನೀರಿನಿಂದ ದೂರ ಸರಿಯುವುದರಿಂದ ವೇಗವೂ ಏರುತ್ತದೆ, ಅದು ಇನ್ನೊಂದು R². ರಂಧ್ರ ಎರಡು ಪಟ್ಟಾದರೆ ನೀರು ಹದಿನಾರು ಪಟ್ಟು.

ಇದನ್ನು ಮೊದಲು ಕಂಡುಕೊಂಡವರು ಲೆಕ್ಕದಿಂದ ಕಂಡುಕೊಂಡವರಲ್ಲ, ಅಳೆದು ಕಂಡುಕೊಂಡವರು. 1839ರಲ್ಲಿ ಜರ್ಮನಿಯ ಎಂಜಿನಿಯರ್ ಗೊಟ್‌ಹಿಲ್ಫ್ ಹಾಗನ್ ಹಿತ್ತಾಳೆ ಕೊಳವೆಗಳಲ್ಲಿ ಅಳೆದರು. ಅದೇ ಹೊತ್ತಿನಲ್ಲಿ ಪ್ಯಾರಿಸ್ಸಿನ ವೈದ್ಯ ಜಾನ್ ಲೂಯಿ ಮರಿ ಪ್ವಾಸೊಯ್ ಗಾಜಿನ ಕೊಳವೆಗಳಲ್ಲಿ ಅಳೆದರು. ಅವರಿಗೆ ಬೇಕಿದ್ದದ್ದು ಅತಿ ಸಣ್ಣ ನಾಳಗಳಲ್ಲಿ ರಕ್ತ ಹೇಗೆ ಹರಿಯುತ್ತದೆ ಎಂಬ ಉತ್ತರ. ರಕ್ತ ಕೊಳವೆಯಲ್ಲಿ ಹೆಪ್ಪುಗಟ್ಟುತ್ತದೆ, ಅದಕ್ಕೇ ನೀರನ್ನು ಹಿಡಿದರು. ಅವರ ಕೆಲವು ಕೊಳವೆಗಳ ರಂಧ್ರ ತಲೆಗೂದಲಿಗಿಂತ ಸಣ್ಣದು. ಅಂಥ ಕೊಳವೆಗಳಲ್ಲಿ ಅಷ್ಟು ನಿಖರವಾಗಿ ಅಳೆದ ಆ ತಾಳ್ಮೆಯ ಬಗ್ಗೆ ನನಗಿರುವ ಗೌರವ ಅಷ್ಟಿಷ್ಟಲ್ಲ. ನನ್ನ ವಿದ್ಯಾರ್ಥಿನಿ ಎಡವಿದ್ದೂ ಸರಿಯಾಗಿ ಅಲ್ಲೇ.

ಅವಳ ಲೆಕ್ಕಕ್ಕೆ ಬರೋಣ. ಕ್ಯಾಪಿಲರಿ 30 ಸೆಂಟಿಮೀಟರ್ ಉದ್ದ, ನೀರಿನ ಎತ್ತರ 10 ಸೆಂಟಿಮೀಟರ್, ಅಂದರೆ ಒತ್ತಡ ಸುಮಾರು 980 ಪಾಸ್ಕಲ್. ಐದು ನಿಮಿಷಕ್ಕೆ 27 ಮಿಲಿಲೀಟರ್ ನೀರು ಬಂದಿತ್ತು. ಸೂತ್ರವನ್ನು ತಿರುಗಿಸಿ η ತೆಗೆಯುವಾಗ R⁴ ಮೇಲಕ್ಕೆ ಬರುತ್ತದೆ. ರಂಧ್ರ ನಿಜಕ್ಕೂ 1.00 ಮಿಲಿಮೀಟರ್ ಇದ್ದು ಅವಳು 1.05 ಎಂದು ಓದಿದ್ದರೆ, 1.05 ಅನ್ನು ನಾಲ್ಕು ಸಲ ಗುಣಿಸಿದಾಗ ಸಿಗುವುದು 1.2155. ಶೇಕಡಾ ಐದರ ತಪ್ಪು ಶೇಕಡಾ ಇಪ್ಪತ್ತೊಂದೂವರೆಯಾಗಿ ಬೆಳೆಯಿತು. 0.89 ಹೋಗಿ 1.08 ಬಂತು.

ಗಾಜನ್ನು ಕತ್ತರಿಸಿದ ತುದಿ ಚಕ್ಕೆ ಎದ್ದು ಅಗಲವಾಗಿ ಕಾಣುವುದುಂಟು, ರಂಧ್ರ ಉದ್ದಕ್ಕೂ ಒಂದೇ ಸಮ ಇರದಿರುವುದೂ ಉಂಟು. ಮೈಕ್ರೋಸ್ಕೋಪಿಗೆ ಕಾಣುವುದು ಬಾಯಿ ಮಾತ್ರ. ಅದಕ್ಕೆ ಬೇರೆ ದಾರಿ ಹಿಡಿದೆವು. ಒಣ ಕ್ಯಾಪಿಲರಿಯನ್ನು ತೂಗಿ, ನೀರು ತುಂಬಿಸಿ, ಹೊರಮೈ ಒರೆಸಿ ಮತ್ತೆ ತೂಗಿದೆವು. ಒಳಗಿದ್ದ ನೀರು 0.235 ಗ್ರಾಂ. 30 ಸೆಂಟಿಮೀಟರ್ ಉದ್ದಕ್ಕೆ ಭಾಗಿಸಿದರೆ ವ್ಯಾಸ ಸರಿಯಾಗಿ 1.00 ಮಿಲಿಮೀಟರ್. ಇದು ಇಡೀ ಕೊಳವೆಯ ಸರಾಸರಿ. ಮೇಲಾಗಿ ತೂಕ ಕೊಡುವುದು ತ್ರಿಜ್ಯದ ವರ್ಗವನ್ನು, ಹಾಗಾಗಿ ತೂಕದಲ್ಲಾಗುವ ತಪ್ಪು ತ್ರಿಜ್ಯಕ್ಕೆ ಬರುವಾಗ ಅರ್ಧಕ್ಕೆ ಇಳಿಯುತ್ತದೆ.

ಅಷ್ಟಕ್ಕೇ ಅವಳು ಬಿಡಲಿಲ್ಲ. "ಹಾಗಾದರೆ 2 ಮಿಲಿಮೀಟರ್ ಕೊಳವೆ ಹಾಕಿದರೆ ಹದಿನಾರು ಪಟ್ಟು ಬರಬೇಕಲ್ವಾ ಸರ್?" ಅಂತ ಕೇಳಿದಳು. ಹಾಕಿ ನೋಡಿದೆವು. 432 ಮಿಲಿಲೀಟರ್ ಬರಬೇಕಿತ್ತು. ಬಂದದ್ದು 360ರ ಆಸುಪಾಸು, ಹದಿಮೂರು ಪಟ್ಟು.

ಸೂತ್ರ ಸುಳ್ಳಲ್ಲ. ಅದು ಹೇಳುವುದು ಪೂರ್ಣವಾಗಿ ರೂಪುಗೊಂಡ ಹರಿವಿನ ಮಾತು, ಮತ್ತು ಆ ರೂಪ ಬಾಯಲ್ಲೇ ಸಿದ್ಧವಾಗಿರುವುದಿಲ್ಲ. ಕೊಳವೆಯನ್ನು ಹೊಕ್ಕಾಗ ನೀರಿನ ವೇಗ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಗಾಜಿನ ಹಿಡಿತ ಅಂಚಿನಿಂದ ನಡುವಿನವರೆಗೆ ಹಬ್ಬಿ ಪರವಲಯ ಮೂಡಲು ಒಂದಷ್ಟು ದೂರ ಸಾಗಬೇಕು. 1 ಮಿಲಿಮೀಟರ್ ಕೊಳವೆಯಲ್ಲಿ ಸರಾಸರಿ ವೇಗ ಸೆಕೆಂಡಿಗೆ 11 ಸೆಂಟಿಮೀಟರ್ ಚಿಲ್ಲರೆ. ಅಲ್ಲಿ ಈ ದೂರ ಒಂದು ಸೆಂಟಿಮೀಟರ್ ಕೂಡ ಇಲ್ಲ. 2 ಮಿಲಿಮೀಟರ್ ಕೊಳವೆಯಲ್ಲಿ ಅದು ಸುಮಾರು 10 ಸೆಂಟಿಮೀಟರ್, ಅಂದರೆ ಕೊಳವೆಯ ಮೂರನೇ ಒಂದು ಭಾಗ. ಇದರ ಜೊತೆಗೆ, ನಿಂತ ನೀರಿಗೆ ಆ ವೇಗ ಕೊಡುವುದಕ್ಕೇ ಒತ್ತಡದ ಒಂದು ಪಾಲು ಖರ್ಚಾಗುತ್ತದೆ. ಸಣ್ಣ ಕೊಳವೆಯಲ್ಲಿ ಆ ಖರ್ಚು ನೂರಕ್ಕೆ ಒಂದೋ ಒಂದೂವರೆಯೋ, ದೊಡ್ಡದರಲ್ಲಿ ನೂರಕ್ಕೆ ಹದಿನೇಳರ ಹತ್ತಿರ.

4 ಮಿಲಿಮೀಟರ್ ಕೊಳವೆಗೆ ಸೂತ್ರವನ್ನು ಹಾಗೇ ಹಚ್ಚಿದರೆ ಸರಾಸರಿ ವೇಗ ಸೆಕೆಂಡಿಗೆ 1.8 ಮೀಟರ್ ಬರುತ್ತದೆ. ಆದರೆ 10 ಸೆಂಟಿಮೀಟರ್ ಎತ್ತರದಿಂದ ಯಾವ ತಡೆಯೂ ಇಲ್ಲದೆ ಬಿದ್ದ ನೀರಿನ ವೇಗವೇ 1.4 ಮೀಟರ್. ತಡೆಯಿರುವ ಕೊಳವೆಯಲ್ಲಿ ಅದಕ್ಕಿಂತ ಜೋರಾಗಿ ಓಡಲು ಸಾಧ್ಯವೇ ಇಲ್ಲ. ಸೂತ್ರವನ್ನು ಸಲ್ಲದ ಕಡೆ ಹಚ್ಚಿದ್ದೇವೆಂದು ಇಲ್ಲೇ ಗೊತ್ತಾಗುತ್ತದೆ. ಅಲ್ಲಿ ಪದರಗಳೂ ಉಳಿಯುವ ಭರವಸೆಯಿಲ್ಲ. ವೇಗವನ್ನೂ ವ್ಯಾಸವನ್ನೂ ಗುಣಿಸಿ, ಸ್ನಿಗ್ಧತೆಯನ್ನು ಸಾಂದ್ರತೆಯಿಂದ ಭಾಗಿಸಿ ಬಂದದ್ದರಿಂದ ಅದನ್ನು ಭಾಗಿಸಿದರೆ ಸಿಗುವುದು ರೆನಾಲ್ಡ್ಸ್ ಸಂಖ್ಯೆ. ಅದು ಸುಮಾರು 2000 ದಾಟಿದ ಮೇಲೆ ಹರಿವು ಕದಡಿ ಸುಳಿಯೇಳತೊಡಗುತ್ತದೆ. ಮ್ಯಾಂಚೆಸ್ಟರಿನಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ನೀರಿನೊಳಗೆ ಬಣ್ಣದ ಎಳೆ ಬಿಟ್ಟು ಇದನ್ನು ತೋರಿಸಿ 1883ರಲ್ಲಿ ಪ್ರಕಟಿಸಿದರು. ನಮ್ಮ ಸಣ್ಣ ಕೊಳವೆಯಲ್ಲಿ ಈ ಸಂಖ್ಯೆ 130ರ ಹತ್ತಿರ ಮಾತ್ರ.

ಈ ಗೆರೆಯ ಅರಿವಿಲ್ಲದಿದ್ದ ಕಾಲದಲ್ಲಿ ಜಾರ್ಜ್ ಸ್ಟೋಕ್ಸ್‌ಗೆ ಆದದ್ದನ್ನು ಅವಳಿಗೆ ಹೇಳಿದೆ. 1845ರ ಹೊತ್ತಿಗೆ ಅವರು ಕೊಳವೆಯ ಲೆಕ್ಕವನ್ನು ಸರಿಯಾಗಿಯೇ ಬಿಡಿಸಿದ್ದರು. ಅದನ್ನು ಬೊಸ್ಸು ಮತ್ತು ದ್ಯು ಬ್ಯುವಾ ಎಂಬ ಫ್ರೆಂಚರು ಹಿಂದೆ ಅಳೆದಿಟ್ಟಿದ್ದ ಅಂಕಿಗಳೊಡನೆ ಹೋಲಿಸಿದರು, ತಾಳೆಯಾಗಲಿಲ್ಲ. ಅವು ಅಗಲವಾದ ಪೈಪುಗಳ, ಕದಡಿದ ಹರಿವಿನ ಅಂಕಿಗಳು. ಸ್ಟೋಕ್ಸ್ ಅನುಮಾನಪಟ್ಟದ್ದು ತಮ್ಮ ಊಹೆಯನ್ನು, ಗೋಡೆಗೆ ತಾಗಿದ ನೀರು ನಿಂತಿರುತ್ತದೆ ಎಂಬ ಸರಿಯಾದ ಊಹೆಯನ್ನು. ತಾಳೆಯಾಗುವ ಅಂಕಿಗಳು ಅಷ್ಟರಲ್ಲಿ ಪ್ವಾಸೊಯ್ ಅವರ ಸಣ್ಣ ಕೊಳವೆಗಳಿಂದ ಬಂದಾಗಿತ್ತು.

ಅವಳು ರೆಕಾರ್ಡಿನಲ್ಲಿ 1.08 ಅನ್ನು ಅಳಿಸಲಿಲ್ಲ. ಪಕ್ಕದಲ್ಲಿ 0.235 ಗ್ರಾಂ ಎಂದು ಬರೆದು, ಅದರ ಕೆಳಗೆ 0.89 ಎಂದು ಬರೆದಳು. ದೊಡ್ಡ ಕೊಳವೆಯ 360ಕ್ಕೆ ಬೇರೆಯೇ ಒಂದು ಪುಟ ಬಿಟ್ಟಳು.