ಮೊಬೈಲ್‌ನಲ್ಲಿ ಕೆರೆ ಚಿಕ್ಕದಾಗಿ ಕಂಡರೆ ಮೊದಲು ತಿಂಗಳು ನೋಡ್ರಿ

ಇಂಡಿ ಕಡೆಯ ಗೆಳೆಯನೊಬ್ಬ ಎರಡು ಉಪಗ್ರಹ ಚಿತ್ರ ಕಳಿಸಿ, "ಅಣ್ಣಾ, ನಮ್ಮ ಕೆರಿ ಐದು ವರ್ಷದಾಗ ಅರ್ಧ ಆಗೇದ. ಕೆಳಗಿನ ಹೊಲದಾಗ ಲಿಂಬಿ ಹಚ್ಚಲೋ ಬ್ಯಾಡೋ?" ಅಂತ ಕೇಳಿದ. ದಿನಾಂಕ ನೋಡಿದೆ. ಮೊದಲನೆಯದು ಅಕ್ಟೋಬರ್, ಎರಡನೆಯದು ಮೇ. ಅಕ್ಟೋಬರ್‌ನಲ್ಲಿ ತುಂಬಿದ ಕೆರೆ ಮೇ ತಿಂಗಳಿಗೆ ಇಳಿಯೋದು ಸಹಜ. ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿದ್ದ ಆಲಮಟ್ಟಿಯ ಹಿನ್ನೀರೂ ಹಾಗೆ. 519.60 ಮೀಟರ್ ಮಟ್ಟಕ್ಕೆ ತುಂಬಿದಾಗ ಒಂದು ಆಕಾರ, ಬೇಸಿಗೆಯಲ್ಲಿ ಇನ್ನೊಂದು.

ಹಾಗಾಗಿ ಪ್ರತಿ ವರ್ಷದ ಒಂದೇ ಹದಿನೈದು ದಿನದ ಚಿತ್ರ ತಗೊಳ್ರಿ. ನಮ್ಮ ಭಾಗಕ್ಕೆ ಮಳೆ ಮುಗಿದು ಮೋಡ ಸರಿದ ಅಕ್ಟೋಬರ್ ಕೊನೆಯಿಂದ ನವೆಂಬರ್ ಮೊದಲ ವಾರ ಒಳ್ಳೇದು. ಜುಲೈ, ಆಗಸ್ಟ್‌ನ ಚಿತ್ರದಲ್ಲಿ ಮೋಡದ ನೆರಳು ನೀರಿನಂತೆ ಕಪ್ಪಗೆ ಕಾಣುತ್ತದೆ.

ಕೋಪರ್ನಿಕಸ್ ಬ್ರೌಸರ್‌ನಲ್ಲಿ ಸೆಂಟಿನೆಲ್-2 ಚಿತ್ರ ಉಚಿತ. ಅದರ ಒಂದು ಚೌಕ 10 ಮೀಟರ್ ಉದ್ದ, 10 ಮೀಟರ್ ಅಗಲ, ಅಂದರೆ 100 ಚದರ ಮೀಟರ್. ಹೆಚ್ಚೂಕಡಿಮೆ ಒಂದು ಗುಂಟೆ! 40 ಚೌಕ ಅಂದರೆ ಒಂದು ಎಕರೆ. ಹೀಗೆ 2,000 ಚೌಕ ನೀರು ಇದ್ದರೆ 50 ಎಕರೆ ಆಯ್ತು. ದಡದ ಚೌಕದಲ್ಲಿ ಅರ್ಧ ನೀರು, ಅರ್ಧ ಮಣ್ಣು ಇರುತ್ತದೆ. ಅದಕ್ಕೇ ಎರಡು ಮೂರು ಎಕರೆ ವ್ಯತ್ಯಾಸಕ್ಕೆ ಗಾಬರಿಯಾಗಬೇಡಿ. ನೀರು ಗುರುತಿಸಲು ಈ ಲೆಕ್ಕ ಬಳಸುತ್ತಾರೆ:

```
NDWI = (B03 - B08) / (B03 + B08)
```

ಸಾಮಾನ್ಯವಾಗಿ ಉತ್ತರ ಸೊನ್ನೆಗಿಂತ ಹೆಚ್ಚಿದ್ದರೆ ನೀರು. ಆದರೆ ಅಂತರಗಂಗೆ ಕಳೆ ನೀರಿನ ಮೇಲೆ ಹರಡಿದ್ದರೆ ಉಪಗ್ರಹಕ್ಕೆ ಅದು ಹಸಿರು ಹೊಲ. ಕೆರೆ ತುಂಬಿದ್ದರೂ ಚಿಕ್ಕದಾಗಿ ಕಾಣುತ್ತದೆ. ದಡಕ್ಕೆ ಹೋಗಿ ನೋಡದೇ ಇದು ತಿಳಿಯದು.

ಒಂದೇ ತಿಂಗಳ ಚಿತ್ರದಲ್ಲೂ ಕಡಿಮೆಯಾಗಿದ್ದರೆ, ಕೋಡಿ ಬಿದ್ದ ವರ್ಷಗಳನ್ನು ಮಾತ್ರ ಹೋಲಿಸಿ. ಕೋಡಿಯ ಎತ್ತರ ಬದಲಾಗಿಲ್ಲ, ಕೆರೆ ತುಂಬಿ ಕೋಡಿ ಹರಿದಿದೆ, ಆದರೂ ನೀರು ನಿಂತ ಜಾಗ ಕಡಿಮೆ ಅಂದರೆ ಅಂಚಿನಲ್ಲಿ ಹೂಳು ಕೂತಿದೆ ಅಥವಾ ಯಾರೋ ಮಣ್ಣು ಹಾಕಿ ಒತ್ತಿದ್ದಾರೆ. ಕೋಡಿ ಬಿದ್ದಾಗ ಜಾಗ ಅಷ್ಟೇ ಇದ್ದು, ಉಳಿದ ವರ್ಷ ಮಾತ್ರ ಕಡಿಮೆಯಿದ್ದರೆ ಒಳಹರಿವು ಕಡಿಮೆ. 2023ರಂಥ ಬರಗಾಲದ ಒಂದು ವರ್ಷವನ್ನೇ ಹಿಡಿದು ತೀರ್ಮಾನಿಸಬೇಡಿ. ಕಾಲುವೆಯಿಂದ ತುಂಬಿಸುವ ಕೆರೆಯಾದರೆ ಅದು ಮಳೆಯ ಲೆಕ್ಕವಲ್ಲ, ಪಂಪು ನಡೆದ ಲೆಕ್ಕ.

ಇನ್ನೊಂದು ಮಿತಿ: ಚಿತ್ರ ಅಗಲ ಹೇಳುತ್ತದೆ, ಆಳ ಹೇಳೋದಿಲ್ಲ. ತಳದಲ್ಲಿ ಮೂರು ಅಡಿ ಹೂಳು ತುಂಬಿದರೂ ತುಂಬಿದ ಕೆರೆ ಅಷ್ಟೇ ಅಗಲ ಕಾಣಬಹುದು. ಬೇಗ ಬತ್ತುವುದೇ ಅದರ ಸುಳಿವು.

ಗೆಳೆಯ ಐದೂ ವರ್ಷದ ನವೆಂಬರ್ ಚಿತ್ರ ತೆಗೆದ. ಅಗಲ ಅಷ್ಟೇನೂ ಇಳಿದಿರಲಿಲ್ಲ. ಆದರೆ ಮೊದಲು ಏಪ್ರಿಲ್‌ತನಕ ಇರುತ್ತಿದ್ದ ನೀರು ಈಗ ಫೆಬ್ರುವರಿಗೇ ಮುಗಿಯುತ್ತಿತ್ತು. ಲಿಂಬೆಗೆ ನೀರು ಬೇಕಾಗೋದೇ ಆ ಬಿಸಿಲಿನ ತಿಂಗಳಲ್ಲಿ. ಬಾವಿಯ ನೀರನ್ನು ಮಾರ್ಚ್, ಏಪ್ರಿಲ್, ಮೇ ಅಳೆದು ನೋಡು, ಆಮೇಲೆ ಗುಂಡಿ ತೋಡು ಅಂತ ಹೇಳಿದೆ.