ಮೂರು ತಪ್ಪು, ಕಾರಣ ಒಂದೇ

ತೆಲಂಗಾಣದ ಜೋಗುಳಾಂಬಾ ಗದ್ವಾಲ ಜಿಲ್ಲೆಯ ಮಲ್ದಕಲ್‌ನಲ್ಲಿ ನಮ್ಮ ಬಂಧುಗಳಿದ್ದಾರೆ. ಅವರ ಮಗಳು ಕೈಯಾರೆ ಬರೆದ ಲೆಕ್ಕದ ಹಾಳೆಯ ಫೋಟೋ ಮೊನ್ನೆ ನಮ್ಮ ಮೊಬೈಲಿಗೆ ಬಂತು. ಕಳೆಯುವ ಲೆಕ್ಕ ನಾಲ್ಕು. 78ರಲ್ಲಿ 45 ಕಳೆದರೆ 33, ಇದು ಸರಿ. ಉಳಿದವುಗಳಲ್ಲಿ 52−27 = 35, 64−38 = 34, 70−26 = 56 ಎಂದಿತ್ತು.

ಕೆಂಪು ಶಾಯಿಯಲ್ಲಿ ಮೂರು ಗೀಟು ಎಳೆಯುವುದು ಸುಲಭ. ಆದರೆ ಹುಡುಗಿ ಅಜಾಗರೂಕಳಲ್ಲ. 2ರಿಂದ 7 ಕಳೆಯಲು ಬಾರದಾಗ ಅವಳು 7ರಿಂದ 2 ಕಳೆದಿದ್ದಾಳೆ. ಮೂರರಲ್ಲೂ ದೊಡ್ಡ ಅಂಕೆಯಿಂದ ಚಿಕ್ಕದನ್ನು ಕಳೆದದ್ದೇ ತಪ್ಪು. ಮೊದಲನೆಯದರಲ್ಲಿ ಮೇಲಿನ ಅಂಕೆಗಳೇ ದೊಡ್ಡವು. ಆದ್ದರಿಂದ ಅದು ಸರಿಯಾಯಿತು.

ನಾವು ಫೋನಿನಲ್ಲಿ, "ಮಗೂ, ಮೊದಲನೆಯದು ಸರಿಯಾಗಿದೆ. ಈಗ ನಿನ್ನ 35ಕ್ಕೆ 27 ಕೂಡಿಸಿ ನೋಡು" ಎಂದೆವು. "62 ಬಂತು, 52 ಬರಬೇಕಿತ್ತಲ್ಲ!" ಎಂದಳು. ತಪ್ಪನ್ನು ಅವಳೇ ಕಂಡುಕೊಂಡಳು.

ಬಳಿಕ ಪೊರಕೆಕಡ್ಡಿ ತರಿಸಿದೆವು. ಹತ್ತು ಕಡ್ಡಿಯ ಐದು ಕಟ್ಟು, ಬಿಡಿ ಎರಡು. ಏಳು ಬಿಡಿ ಕೊಡಬೇಕಾದರೆ ಒಂದು ಕಟ್ಟು ಬಿಚ್ಚಲೇಬೇಕು. ಆಗ ಕಟ್ಟು ನಾಲ್ಕು, ಬಿಡಿ ಹನ್ನೆರಡು. ಏಳು ಬಿಡಿ ತೆಗೆದರೆ ಐದು. ನಾಲ್ಕು ಕಟ್ಟಿನಲ್ಲಿ ಎರಡು ತೆಗೆದರೆ ಎರಡು. ಉತ್ತರ 25.

ಮಿಕ್ಕವನ್ನು ಅವಳೇ 26, 44 ಎಂದು ತಿದ್ದಿದಳು. ಆದರೂ 403−168ರಂತಹ ಲೆಕ್ಕವನ್ನು ಮರುದಿನಕ್ಕೆ ಇಟ್ಟುಕೊಂಡೆವು. ಅಲ್ಲಿ ಬಿಚ್ಚಲು ಹತ್ತರ ಕಟ್ಟೇ ಇಲ್ಲ. ಮೊದಲು ನೂರರ ಕಟ್ಟನ್ನು ಬಿಚ್ಚಬೇಕು.