ಶನಿವಾರ ರಾತ್ರಿ 12 ಅಂದರೆ ಯಾವತ್ತು?

2024ರ ಜುಲೈ 13, ಎರಡನೇ ಶನಿವಾರ. ಎಚ್‌ಡಿಎಫ್‌ಸಿ ಬ್ಯಾಂಕ್ ತನ್ನ ಮುಖ್ಯ ಕಂಪ್ಯೂಟರ್ ವ್ಯವಸ್ಥೆಯನ್ನು ಬದಲಿಸಲು ಬ್ಯಾಂಕಿಗೆ ಹೇಗೂ ರಜೆಯಿರುವ ಆ ದಿನವನ್ನೇ ಆರಿಸಿಕೊಂಡಿತ್ತು. ಕೆಲಸ ಬೆಳಗಿನ ಜಾವ 3ರಿಂದ ಸಂಜೆ 4.30ರವರೆಗೆ. ಗ್ರಾಹಕರಿಗೆ ಇಷ್ಟನ್ನೇ ತಿಳಿಸಿ ಸುಮ್ಮನಾಗಬಹುದಿತ್ತು. ಆದರೆ ಯುಪಿಐ ನಿಲ್ಲುವುದು 3ರಿಂದ 3.45 ಮತ್ತು 9.30ರಿಂದ 12.45ರವರೆಗೆ ಮಾತ್ರ ಎಂದು ಬಿಡಿಸಿ ಹೇಳಿತು. ತರಕಾರಿ ಕೊಳ್ಳುವವರಿಗೆ ಬೇಕಾದದ್ದು ಈ ಎರಡನೇ ಲೆಕ್ಕ. ಎಟಿಎಂನಲ್ಲಿ ಮಿತಿಯೊಳಗೆ ಹಣ ಸಿಗುತ್ತದೆ, ವರ್ಗಾವಣೆಗಳನ್ನು ಹಿಂದಿನ ಸಂಜೆ 7.30ರೊಳಗೆ ಮುಗಿಸಿಕೊಳ್ಳಿ ಎಂದೂ ತಿಳಿಸಿತ್ತು.

ಹೆಚ್ಚಿನ ಸೂಚನೆಗಳು ಎಡವುವುದು ಗಂಟೆಯಲ್ಲೇ. ‘ಶನಿವಾರ ರಾತ್ರಿ 12ರಿಂದ’ ಎಂದರೆ ಶುಕ್ರವಾರ ಮಲಗಿದ ಮೇಲೋ, ಶನಿವಾರದ ಊಟವಾದ ಮೇಲೋ? ‘13ರ ಶನಿವಾರ ರಾತ್ರಿ 11.45ರಿಂದ 14ರ ಭಾನುವಾರ ಬೆಳಿಗ್ಗೆ 2.15ರವರೆಗೆ’ ಎಂದು ಬರೆದರೆ ಗೊಂದಲವಿಲ್ಲ.

ಬದಲಿ ದಾರಿ ಸೂಚಿಸುವಾಗಲೂ ಅಷ್ಟೇ ಜಾಗ್ರತೆ ಬೇಕು. ಯುಪಿಐ ನಿಂತಾಗ ನೆಟ್ ಬ್ಯಾಂಕಿಂಗ್ ಬಳಸಿ ಎನ್ನುವುದು ಸುಲಭ. ಎರಡೂ ಒಂದೇ ಸರ್ವರ್ ನಂಬಿದ್ದರೆ ಎರಡೂ ಒಟ್ಟಿಗೇ ಮಲಗುತ್ತವೆ! ಯುಪಿಐ ಲೈಟ್ ವಾಸಿ, ಸಣ್ಣ ಪಾವತಿಗೆ ಅದು ಪ್ರತಿ ಸಲ ಖಾತೆಯನ್ನು ಮುಟ್ಟುವುದಿಲ್ಲ. ಆದರೆ ಅದಕ್ಕೆ ಮೊದಲೇ ಹಣ ತುಂಬಿಸಿರಬೇಕು. ಹಾಗಾಗಿ ಸೇವೆ ನಿಲ್ಲುವ ಹತ್ತು ನಿಮಿಷ ಮುಂಚೆ ಬರುವ ಎಸ್‌ಎಂಎಸ್‌ನಿಂದ ಪ್ರಯೋಜನವಿಲ್ಲ, ಅದು ಹಿಂದಿನ ದಿನವೇ ಕೈಸೇರಬೇಕು.